ಫ್ರೀ ಬೆಟ್ಟಿಗೆ ಎದುರು ಬೆಟ್: ಬ್ರಿಟನ್ನಿನಲ್ಲಿ ನಾನು ಮಾಡಿದ ಮ್ಯಾಚ್ಡ್ ಬೆಟ್ಟಿಂಗ್

ಬ್ರಿಟನ್ನಿನ ಬುಕ್‌ಮೇಕರ್ ಕಂಪನಿಗಳು ಹೊಸ ಗ್ರಾಹಕರನ್ನು ಸೆಳೆಯಲು, ಹತ್ತು ಪೌಂಡ್ ಬೆಟ್ ಕಟ್ಟಿದರೆ ಮೂವತ್ತು ಪೌಂಡಿನ ಫ್ರೀ ಬೆಟ್ ಕೊಡುತ್ತೇವೆ ಎಂಬಂಥ ಕೊಡುಗೆಗಳನ್ನು ವರ್ಷವಿಡೀ ಇಡುತ್ತವೆ. ಆ ಫ್ರೀ ಬೆಟ್ಟನ್ನು ಅದೃಷ್ಟಕ್ಕೆ ಬಿಡದೆ, ಪಂದ್ಯದ ಫಲಿತಾಂಶ ಏನೇ ಆದರೂ ಅದರ ಬಹುಪಾಲನ್ನು ನಗದಾಗಿಸಿಕೊಳ್ಳುವ ಲೆಕ್ಕಾಚಾರಕ್ಕೆ ಮ್ಯಾಚ್ಡ್ ಬೆಟ್ಟಿಂಗ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಕೆಲಸಕ್ಕೆಂದು ನೆಲೆಸಿದ ಮೇಲೆ ನಾನು ಇದನ್ನು ಕೆಲಕಾಲ ಮಾಡಿದ್ದೇನೆ. ಇಲ್ಲಿ ಬರೆಯುತ್ತಿರುವುದೆಲ್ಲ ಬ್ರಿಟನ್ನಿಗೆ ಮಾತ್ರ ಸಂಬಂಧಿಸಿದ್ದು. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ; ಊರಿನಲ್ಲಿರುವವರು ಇದನ್ನು ಅನುಕರಿಸುವ ಪ್ರಶ್ನೆಯೇ ಇಲ್ಲ.

ವಿಧಾನ ನಿಂತಿರುವುದು ಎರಡು ಬಗೆಯ ಬೆಟ್‌ಗಳ ಮೇಲೆ. ಒಂದು ತಂಡ ಗೆಲ್ಲುತ್ತದೆ ಎಂದು ಬುಕ್‌ಮೇಕರ್ ಬಳಿ ಹಣ ಕಟ್ಟುವುದು ಬ್ಯಾಕ್. ಅದೇ ತಂಡ ಗೆಲ್ಲುವುದಿಲ್ಲ ಎಂದು ಬೆಟ್ಟಿಂಗ್ ಎಕ್ಸ್‌ಚೇಂಜ್‌ನಲ್ಲಿ ಹಣ ಕಟ್ಟುವುದು ಲೇ. ಬೆಟ್‌ಫೇರ್, ಸ್ಮಾರ್ಕೆಟ್ಸ್ ಮೊದಲಾದ ಎಕ್ಸ್‌ಚೇಂಜ್‌ಗಳಲ್ಲಿ ನಮ್ಮ ಎದುರಿಗಿರುವುದು ಕಂಪನಿಯಲ್ಲ, ನಮ್ಮ ಹಾಗೆಯೇ ಬೆಟ್ ಕಟ್ಟಲು ಬಂದ ಇನ್ನೊಬ್ಬ ವ್ಯಕ್ತಿ. ಎಕ್ಸ್‌ಚೇಂಜ್ ಗೆದ್ದವರಿಂದ ಕಮಿಷನ್ ಮಾತ್ರ ತೆಗೆದುಕೊಳ್ಳುತ್ತದೆ. ಲೇ ಕಟ್ಟಿದವನು ಆ ಒಂದು ಬೆಟ್ಟಿನ ಮಟ್ಟಿಗೆ ತಾನೇ ಬುಕ್‌ಮೇಕರ್ ಆಗುತ್ತಾನೆ. ಆದ್ದರಿಂದ ಆ ತಂಡ ಗೆದ್ದುಬಿಟ್ಟರೆ ಕೊಡಬೇಕಾಗುವ ಮೊತ್ತವನ್ನು ಎಕ್ಸ್‌ಚೇಂಜ್ ಅವನ ಖಾತೆಯಲ್ಲಿ ಮೊದಲೇ ತಡೆಹಿಡಿಯುತ್ತದೆ. ಇದನ್ನು ಲಯಬಿಲಿಟಿ ಎನ್ನುತ್ತಾರೆ, ಮತ್ತು ಈ ಕೆಲಸಕ್ಕೆ ಎಷ್ಟು ಕೈಹಣ ಬೇಕು ಎಂಬುದನ್ನು ನಿರ್ಧರಿಸುವುದು ಇದೇ.

ಒಂದು ಕೊಡುಗೆಯನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ತೋರಿಸುತ್ತೇನೆ. ಫ್ರೀ ಬೆಟ್ ಸಿಗಬೇಕಾದರೆ ಮೊದಲು ನಮ್ಮ ಸ್ವಂತ ಹಣದಿಂದ ಹತ್ತು ಪೌಂಡಿನ ಅರ್ಹತಾ ಬೆಟ್ ಕಟ್ಟಬೇಕು. ಒಂದು ಫುಟ್‌ಬಾಲ್ ಪಂದ್ಯದಲ್ಲಿ ಆತಿಥೇಯ ತಂಡದ ಗೆಲುವಿಗೆ ಬುಕ್‌ಮೇಕರ್ 2.50 ಆಡ್ಸ್, ಅಂದರೆ ಗೆದ್ದರೆ ಕಟ್ಟಿದ ಪ್ರತಿ ಪೌಂಡಿಗೆ ಅಸಲೂ ಸೇರಿ ಎರಡೂವರೆ ಪೌಂಡ್, ಕೊಡುತ್ತಿದ್ದಾನೆ, ಎಕ್ಸ್‌ಚೇಂಜ್‌ನಲ್ಲಿ ಅದೇ ತಂಡದ ಲೇ ಆಡ್ಸ್ 2.54 ಇದೆ, ಕಮಿಷನ್ ಶೇಕಡಾ 2 ಎಂದುಕೊಳ್ಳಿ. ಬ್ಯಾಕ್ ಮೊತ್ತವನ್ನು ಬ್ಯಾಕ್ ಆಡ್ಸ್‌ನಿಂದ ಗುಣಿಸಿ, ಲೇ ಆಡ್ಸ್‌ನಲ್ಲಿ ಕಮಿಷನ್ ಕಳೆದು ಬರುವ 2.52ರಿಂದ ಭಾಗಿಸಿದರೆ ಲೇ ಕಟ್ಟಬೇಕಾದ ಮೊತ್ತ 9.92 ಪೌಂಡ್ ಎಂದು ಬರುತ್ತದೆ; ಲಯಬಿಲಿಟಿ 15.28. ತಂಡ ಗೆದ್ದರೆ ಬುಕ್‌ಮೇಕರ್ ಬಳಿ 15 ಪೌಂಡ್ ಲಾಭ, ಎಕ್ಸ್‌ಚೇಂಜ್‌ನಲ್ಲಿ 15.28 ನಷ್ಟ. ಗೆಲ್ಲದಿದ್ದರೆ ಬುಕ್‌ಮೇಕರ್ ಬಳಿ 10 ಪೌಂಡ್ ನಷ್ಟ, ಎಕ್ಸ್‌ಚೇಂಜ್‌ನಲ್ಲಿ ಕಮಿಷನ್ ಕಳೆದು 9.72 ಲಾಭ. ಎರಡರಲ್ಲಿ ಯಾವುದಾದರೂ ನಷ್ಟ 28 ಪೆನ್ಸ್ ಮಾತ್ರ. ಆ 28 ಪೆನ್ಸ್ ಫ್ರೀ ಬೆಟ್ಟಿಗೆ ನಾವು ತೆರುವ ಬೆಲೆ.

ಈಗ ಮೂವತ್ತು ಪೌಂಡಿನ ಫ್ರೀ ಬೆಟ್ ಖಾತೆಗೆ ಬಂದಿದೆ. ಇಲ್ಲಿ ಗಮನಿಸಬೇಕಾದದ್ದು, ಫ್ರೀ ಬೆಟ್ ಗೆದ್ದಾಗ ಸಾಮಾನ್ಯವಾಗಿ ಲಾಭ ಮಾತ್ರ ಸಿಗುತ್ತದೆ, ಕಟ್ಟಿದ ಮೂವತ್ತು ಪೌಂಡ್ ಮರಳಿ ಬರುವುದಿಲ್ಲ. ಈ ಒಂದು ನಿಯಮದಿಂದಲೇ ಯಾವ ಆಡ್ಸ್ ಆರಿಸಬೇಕೆಂಬ ಲೆಕ್ಕ ತಲೆಕೆಳಗಾಗುತ್ತದೆ. 2.0 ಆಡ್ಸ್‌ನ ತಂಡದ ಮೇಲೆ ಕಟ್ಟಿ 2.04ಕ್ಕೆ ಲೇ ಮಾಡಿದರೆ ಕೈಗೆ ಬರುವುದು ಸುಮಾರು 14.55 ಪೌಂಡ್, ಅಂದರೆ ಅರ್ಧಕ್ಕೂ ಕಡಿಮೆ. 5.0 ಆಡ್ಸ್‌ನಲ್ಲಿ ಕಟ್ಟಿ 5.2ಕ್ಕೆ ಲೇ ಮಾಡಿದರೆ ಲೇ ಮೊತ್ತ 23.17 ಪೌಂಡ್ ಆಗುತ್ತದೆ. ತಂಡ ಗೆದ್ದರೆ ಬುಕ್‌ಮೇಕರ್ ಬಳಿ ಬಂದ 120ರಲ್ಲಿ ಎಕ್ಸ್‌ಚೇಂಜ್‌ನ ನಷ್ಟ 97.31 ಕಳೆದು 22.69 ಉಳಿಯುತ್ತದೆ, ಸೋತರೂ ಎಕ್ಸ್‌ಚೇಂಜ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅರ್ಹತಾ ಬೆಟ್ಟಿನ ನಷ್ಟವನ್ನು ಕಳೆದರೂ ಇಪ್ಪತ್ತೆರಡು ಪೌಂಡ್ ಮೇಲ್ಪಟ್ಟು ಕೈಗೆ ಸಿಗುತ್ತದೆ. ಹಾಗಾದರೆ ಇನ್ನೂ ದೊಡ್ಡ ಆಡ್ಸ್ ಏಕೆ ಬೇಡ? 11ಕ್ಕೆ ಬ್ಯಾಕ್, 12ಕ್ಕೆ ಲೇ ಎಂದಾದರೆ ಲಾಭ ಎರಡು ಪೌಂಡಿನಷ್ಟು ಹೆಚ್ಚುತ್ತದೆ, ಆದರೆ ಅದಕ್ಕಾಗಿ 275 ಪೌಂಡ್ ಎಕ್ಸ್‌ಚೇಂಜ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ನಾನು ನಾಲ್ಕರಿಂದ ಆರರ ನಡುವಿನ ಆಡ್ಸ್‌ಗೇ ಅಂಟಿಕೊಂಡೆ.

ಕಾಗದದ ಮೇಲೆ ಇಷ್ಟು ಖಚಿತವಾಗಿರುವ ಲೆಕ್ಕ ತಪ್ಪುವುದು ಎರಡು ಬೆಟ್‌ಗಳ ನಡುವಿನ ಕೆಲವೇ ನಿಮಿಷಗಳಲ್ಲಿ. ಬುಕ್‌ಮೇಕರ್ ಬೆಟ್ಟನ್ನು ನಿರಾಕರಿಸಬಹುದು ಅಥವಾ ಆ ಕ್ಷಣದಲ್ಲೇ ಆಡ್ಸ್ ಬದಲಿಸಬಹುದು. ಆದ್ದರಿಂದ ಅದನ್ನು ಮೊದಲು ಮುಗಿಸಿ, ನಂತರವೇ ಲೇಗೆ ಕೈಹಾಕುತ್ತಿದ್ದೆ. ಅದಕ್ಕೂ ಮೊದಲು, ನನಗೆ ಬೇಕಾದ ಲೇ ಆಡ್ಸ್‌ನ ಕೆಳಗೆ ಎಕ್ಸ್‌ಚೇಂಜ್ ತೋರಿಸುವ ಮೊತ್ತ ನನ್ನ ಲೇಗೆ ಸಾಲುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಅಷ್ಟಾದರೂ ಒಮ್ಮೊಮ್ಮೆ ಬೇರೆ ಯಾರೋ ಆ ಹಣವನ್ನು ಮೊದಲೇ ಪಡೆದುಬಿಡುತ್ತಾರೆ. ಮೇಲಿನ ಉದಾಹರಣೆಯಲ್ಲಿ 23.17ರ ಪೈಕಿ 9 ಪೌಂಡ್ ಮಾತ್ರ 5.2ಕ್ಕೆ ಹೊಂದಿಕೊಂಡು, ಉಳಿದದ್ದು ಹಾಗೇ ನಿಂತು, ಆಡ್ಸ್ 5.6ಕ್ಕೆ ಏರಿತು ಎನ್ನೋಣ. ಆಗ ಹಳೆಯ ಆಡ್ಸ್ ಮರಳಿ ಬರಲೆಂದು ಕಾಯಬಾರದು. ನಿಂತಿರುವ ಬೆಟ್ಟನ್ನು ರದ್ದುಮಾಡಿ 5.6ರಲ್ಲಿ 13.15 ಪೌಂಡ್ ಲೇ ಮಾಡಿದರೆ, ಎರಡೂ ಕಡೆ 21.71 ಪೌಂಡ್ ಸಿಗುತ್ತದೆ. ಕಳೆದುಕೊಂಡದ್ದು ಒಂದು ಪೌಂಡಿನಷ್ಟು ಮಾತ್ರ. ಆ ಒಂದು ಪೌಂಡ್ ಉಳಿಸಲು ಕಾದು ಕುಳಿತವನು, ಅದುವರೆಗೆ ಇಲ್ಲದ ಜೂಜನ್ನು ತಾನೇ ಶುರುಮಾಡಿದಂತಾಗುತ್ತದೆ. ನನ್ನ ಮಟ್ಟಿಗೆ ಈ ವಿಧಾನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಶಿಸ್ತು ಇದು.

ಇನ್ನೊಂದು ತೊಡಕು ಎರಡು ಕಡೆಯ ನಿಯಮಗಳು ಒಂದೇ ಆಗಿರದೆ ಇರುವುದು. ಟೆನಿಸ್‌ನಲ್ಲಿ ಇದು ಎದ್ದು ಕಾಣುತ್ತದೆ. ಆಟಗಾರನೊಬ್ಬ ಗಾಯಗೊಂಡು ಮೊದಲ ಸೆಟ್ ಮುಗಿದ ಮೇಲೆ ಹಿಂದೆ ಸರಿದರೆ, ಮುಂದಿನ ಸುತ್ತಿಗೆ ಹೋದವನನ್ನೇ ವಿಜೇತನೆಂದು ಪರಿಗಣಿಸಿ ಬೆಟ್ ಇತ್ಯರ್ಥ ಮಾಡುವ ಸಂಸ್ಥೆಗಳಿವೆ. ಪಂದ್ಯ ಪೂರ್ತಿಯಾಗದಿದ್ದರೆ ಬೆಟ್ಟನ್ನೇ ರದ್ದುಮಾಡಿ ಹಣ ಹಿಂತಿರುಗಿಸುವ ಸಂಸ್ಥೆಗಳೂ ಇವೆ. ಎಕ್ಸ್‌ಚೇಂಜ್ ಮೊದಲ ಬಗೆಯದು, ಬುಕ್‌ಮೇಕರ್ ಎರಡನೆಯ ಬಗೆಯದು ಆಗಿದ್ದು, ನಾವು ಬ್ಯಾಕ್ ಮಾಡಿದವನ ಎದುರಾಳಿ ಹಿಂದೆ ಸರಿದರೆ, ಅತ್ತ ಹತ್ತು ಪೌಂಡ್ ಮರಳುತ್ತದೆ, ಇತ್ತ ಪೂರ್ತಿ ಲಯಬಿಲಿಟಿ ಹೋಗುತ್ತದೆ. ಕುದುರೆ ರೇಸಿನಲ್ಲಿ ಒಂದು ಕುದುರೆ ಕೊನೆಗಳಿಗೆಯಲ್ಲಿ ಓಟದಿಂದ ಹಿಂದೆಗೆದಾಗಲೂ ಬುಕ್‌ಮೇಕರ್ ಮತ್ತು ಎಕ್ಸ್‌ಚೇಂಜ್ ಬೇರೆಬೇರೆ ಪ್ರಮಾಣದಲ್ಲಿ ಕಡಿತ ಮಾಡಬಹುದು. ಈ ಕಾರಣಕ್ಕೆ ನಾನು ದೊಡ್ಡ ಫುಟ್‌ಬಾಲ್ ಲೀಗ್‌ಗಳ ಗೆಲುವು-ಸೋಲು-ಡ್ರಾ ಮಾರುಕಟ್ಟೆಯನ್ನು ಬಿಟ್ಟು ಹೊರಗೆ ಹೋದದ್ದು ಕಡಿಮೆ. ಆಡ್ಸ್ ತೀರಾ ಒಳ್ಳೆಯದಾಗಿ ಕಂಡಾಗ ಅನುಮಾನಿಸುವುದೂ ಅಗತ್ಯ. ಅದು ಕಣ್ಣಿಗೆ ಹೊಡೆಯುವ ಬೆಲೆ-ತಪ್ಪಾಗಿದ್ದರೆ ಬುಕ್‌ಮೇಕರ್ ತನ್ನ ನಿಯಮದಂತೆ ನಂತರ ಬೆಟ್ಟನ್ನು ರದ್ದುಮಾಡಬಲ್ಲ, ಆದರೆ ಎಕ್ಸ್‌ಚೇಂಜ್‌ನ ಲೇ ಹಾಗೆಯೇ ಉಳಿಯುತ್ತದೆ.

ಕೊಡುಗೆಯ ಷರತ್ತುಗಳನ್ನು ಓದುವ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. ಕನಿಷ್ಠ ಆಡ್ಸ್ ಎಷ್ಟು, ಫ್ರೀ ಬೆಟ್ ಎಷ್ಟು ದಿನದಲ್ಲಿ ಮುಗಿಯುತ್ತದೆ, ಡೆಬಿಟ್ ಕಾರ್ಡ್ ಬಿಟ್ಟು ಬೇರೆ ದಾರಿಯಲ್ಲಿ ಹಣ ಹಾಕಿದರೆ ಕೊಡುಗೆ ಸಿಗುತ್ತದೆಯೇ, ಮೂವತ್ತು ಪೌಂಡ್ ಒಂದೇ ಬೆಟ್ಟಾಗಿ ಬರುತ್ತದೆಯೇ ತುಂಡುಗಳಾಗಿಯೇ ಎಂಬುದನ್ನು ನಾನು ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆದಿಟ್ಟುಕೊಂಡ ಮೇಲೆಯೇ ಹಣ ಹಾಕುತ್ತಿದ್ದೆ. ಕ್ರೆಡಿಟ್ ಕಾರ್ಡಿನಿಂದ ಬೆಟ್ ಕಟ್ಟುವುದನ್ನು ಬ್ರಿಟನ್ 2020ರ ಏಪ್ರಿಲ್‌ನಿಂದ ನಿಷೇಧಿಸಿದೆ. ಬೆಟ್ ಗೆದ್ದ ಹಣಕ್ಕೆ ಗ್ರಾಹಕ ಇಲ್ಲಿ ತೆರಿಗೆ ಕಟ್ಟಬೇಕಾಗಿಲ್ಲ.

ಈ ವಿಧಾನದ ನಿಜವಾದ ಮಿತಿ ಇರುವುದು ಖಾತೆಯಲ್ಲಿ. ಲಾಭ ಬರುವುದು ಬುಕ್‌ಮೇಕರ್‌ನ ಪ್ರಚಾರದ ಹಣದಿಂದ; ಆ ಹಣವನ್ನು ಅವನು ಖರ್ಚು ಮಾಡುವುದು ಮುಂದೆ ಸೋಲುವ ಗ್ರಾಹಕನಿಗಾಗಿ. ಗ್ರಾಹಕ ಕೊಡುಗೆ ಇದ್ದಾಗ ಮಾತ್ರ ಬರುತ್ತಾನೆ, ಅವನು ಕಟ್ಟುವ ಆಡ್ಸ್ ಸದಾ ಎಕ್ಸ್‌ಚೇಂಜ್ ಬೆಲೆಗೆ ಅಂಟಿಕೊಂಡೇ ಇರುತ್ತದೆ, ಫ್ರೀ ಬೆಟ್ ಮುಗಿದೊಡನೆ ಹಣ ಹಿಂಪಡೆಯುತ್ತಾನೆ ಎಂದು ತಿಳಿದುಕೊಳ್ಳಲು ಕಂಪನಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಒಂದು ಕಂಪನಿಯಿಂದ ನನಗೆ ಬಂದ ಇಮೇಲ್ ಎರಡೇ ಸಾಲಿನದಾಗಿತ್ತು: ಇನ್ನು ಮುಂದೆ ನಿಮ್ಮ ಖಾತೆಗೆ ಯಾವುದೇ ಪ್ರಚಾರ ಕೊಡುಗೆ ಅನ್ವಯಿಸುವುದಿಲ್ಲ, ಈ ತೀರ್ಮಾನ ಅಂತಿಮ. ಇನ್ನೊಂದು ಕಡೆ ಇಮೇಲ್ ಕೂಡ ಬರಲಿಲ್ಲ. ಇಪ್ಪತ್ತೈದು ಪೌಂಡ್ ಎಂದು ನಮೂದಿಸಿದಾಗ, ಗರಿಷ್ಠ ಬೆಟ್ ಒಂದೆರಡು ಪೌಂಡ್ ಎಂದು ಪರದೆಯ ಮೇಲೆ ಕಾಣಿಸಿಕೊಂಡಿತು. ಇದು ಕಾನೂನುಬಾಹಿರವೇನೂ ಅಲ್ಲ. ಯಾರ ಬೆಟ್ ಸ್ವೀಕರಿಸಬೇಕೆಂಬುದು ವ್ಯಾಪಾರಿಯಾಗಿ ಅವರ ಹಕ್ಕು. ಕಟ್ಟಿ ಗೆದ್ದ ಹಣ ಮಾತ್ರ ಬರಬೇಕಾದದ್ದೇ, ನನಗೆ ಬಂದೂ ಬಂತು.

ಇದನ್ನು ಮುಂದೂಡಲು ಹಲವರು ಕೊಡುಗೆ ಇಲ್ಲದ ದಿನಗಳಲ್ಲೂ ಸಾಮಾನ್ಯ ಗ್ರಾಹಕನಂತೆ ಕಾಣುವ ಬೆಟ್‌ಗಳನ್ನು ಕಟ್ಟಿ ಲೇ ಮಾಡುತ್ತಾರೆ. ನಾನೂ ಮಾಡಿ ನೋಡಿದೆ. 9.92ರಂಥ ಮೊತ್ತವನ್ನು ಎಕ್ಸ್‌ಚೇಂಜ್‌ಗೆ ಬಿಟ್ಟು ಬುಕ್‌ಮೇಕರ್ ಬಳಿ ದುಂಡು ಮೊತ್ತ ಕಟ್ಟುವುದು, ಗಮನ ಹರಿಯದ ಚಿಕ್ಕ ಲೀಗ್‌ಗಳನ್ನು ಬಿಡುವುದು ಉಚಿತವಾಗಿ ಆಗುವ ಕೆಲಸಗಳು, ಅವನ್ನು ಮಾಡಬೇಕು. ಆದರೆ ಪ್ರತಿ ತೋರಿಕೆಯ ಬೆಟ್ಟಿಗೂ ಪೆನ್ಸ್‌ಗಳ ಲೆಕ್ಕದಲ್ಲಿ ನಷ್ಟ ಇದ್ದೇ ಇರುತ್ತದೆ, ಖಾತೆಯ ಆಯಸ್ಸು ಅದರಿಂದ ಎಷ್ಟು ಹೆಚ್ಚಿತು ಎಂದು ಅಳೆಯಲು ದಾರಿಯಿಲ್ಲ. ಹೊಸ ಗ್ರಾಹಕರ ಕೊಡುಗೆಯನ್ನಷ್ಟೇ ತೆಗೆದುಕೊಂಡು ಹೊರಬರುವವನಿಗೆ ಅದರ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಖಾತೆಗಳು ಒಂದೊಂದಾಗಿ ಮುಚ್ಚಿಕೊಂಡಾಗ ಹೆಂಡತಿಯ ಅಥವಾ ರೂಮ್‌ಮೇಟ್‌ನ ಹೆಸರಿನಲ್ಲಿ ಖಾತೆ ತೆರೆದು ತಾನೇ ನಡೆಸುವ ಯೋಚನೆ ಬರುತ್ತದೆ. ಇಲ್ಲಿ ನಾನು ಗೆರೆ ಎಳೆದೆ. ಬೆಟ್ ಕಟ್ಟಲು ಬಿಡುವ ಮೊದಲೇ ಬ್ರಿಟನ್ನಿನ ಕಂಪನಿಗಳು ಹೆಸರು, ವಿಳಾಸ, ಜನ್ಮದಿನಾಂಕ ಪರಿಶೀಲಿಸಬೇಕು. ಒಂದೇ ಫೋನ್, ಒಂದೇ ವೈಫೈ, ಒಂದೇ ವಿಳಾಸದಿಂದ ಎರಡು ಖಾತೆಗಳು ಒಂದೇ ರೀತಿಯ ಬೆಟ್ ಕಟ್ಟಿದರೆ ಅವಕ್ಕೆ ಅದು ಕಾಣುತ್ತದೆ. ಆಗ ಷರತ್ತು ಮುರಿದವರು ನಾವಾಗುತ್ತೇವೆ, ಖಾತೆಯಲ್ಲಿರುವ ಹಣವನ್ನು ತಡೆಹಿಡಿಯಲು ಅವರಿಗೆ ಕಾರಣ ಸಿಗುತ್ತದೆ. ಇನ್ನೊಬ್ಬರ ಗುರುತಿನಲ್ಲಿ ಹಣ ಪಡೆಯುವುದು ವಂಚನೆಯೂ ಆಗಬಹುದು.

ಬ್ಯಾಂಕಿನ ವಿಷಯವನ್ನು ಅನೇಕರು ಮರೆಯುತ್ತಾರೆ. ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಸಾಲದಾತರು ಕೆಲವು ತಿಂಗಳ ಸ್ಟೇಟ್‌ಮೆಂಟ್ ಕೇಳುವುದುಂಟು, ಅದರಲ್ಲಿ ಬೆಟ್ಟಿಂಗ್ ಕಂಪನಿಗಳ ಹೆಸರು ಸಾಲುಸಾಲಾಗಿ ಕಂಡರೆ ಲಾಭ ನಷ್ಟದ ಲೆಕ್ಕವನ್ನು ಅವರು ಬಿಡಿಸಿ ನೋಡುವುದಿಲ್ಲ. ನಾನು ಇದಕ್ಕಾಗಿ ಸಂಬಳ ಬೀಳದ ಬೇರೊಂದು ಬ್ಯಾಂಕ್ ಖಾತೆಯನ್ನು ಮೀಸಲಿಟ್ಟಿದ್ದೆ, ಆದರೂ ಮನೆ ಕೊಳ್ಳುವ ಯೋಚನೆ ಮೂಡಿದೊಡನೆ ಎಲ್ಲವನ್ನೂ ನಿಲ್ಲಿಸಿದೆ. ಜೂಜಿನ ಚಟ ಒಮ್ಮೆ ಕಾಡಿದವರಂತೂ ಈ ಲೆಕ್ಕದ ಖಚಿತತೆಯನ್ನು ನಂಬಿ ಒಳಗೆ ಕಾಲಿಡಬಾರದು. ಫ್ರೀ ಬೆಟ್ ಕೊಡುವ ಕಂಪನಿಗಳೇ ಹಲವು ಕಡೆ ಕ್ಯಾಸಿನೊ ಆಟಗಳನ್ನೂ ಇಟ್ಟಿರುತ್ತವೆ, ಅವಕ್ಕೆ ಎದುರು ಕಟ್ಟಲು ಯಾವ ಎಕ್ಸ್‌ಚೇಂಜೂ ಇಲ್ಲ.

ನಿಲ್ಲಿಸುವಾಗ ಮಾಡಿದ ಕೆಲಸ ಸರಳವಾದದ್ದು. ಇತ್ಯರ್ಥವಾಗದ ಬೆಟ್ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಪ್ರತಿ ಖಾತೆಯ ಬಾಕಿಯನ್ನು ಹಣ ಹಾಕಿದ ಅದೇ ಕಾರ್ಡಿಗೆ ಹಿಂಪಡೆದು, ಪ್ರಚಾರದ ಇಮೇಲ್‌ಗಳನ್ನು ನಿಲ್ಲಿಸಲು ಕೇಳಿ, ನಂತರ ಖಾತೆ ಮುಚ್ಚಲು ಬರೆದೆ. ಕೊನೆಯದಾಗಿ ಎಕ್ಸ್‌ಚೇಂಜ್ ಖಾತೆಯನ್ನು ಮುಚ್ಚಿದೆ, ಏಕೆಂದರೆ ಲಾಭದ ಹೆಚ್ಚಿನ ಪಾಲು ಬಂದು ಕೂತಿದ್ದು ಅಲ್ಲಿಯೇ.