ತಜ್ಞರ ಉಪನ್ಯಾಸಕ್ಕೆ ಎಲ್ಲರನ್ನೂ ಕರೆದು ಕೂರಿಸುವ ಪರಿಚಯ ಭಾಷಣ ಹೇಗಿರಬೇಕು?

ಉಪನ್ಯಾಸದ ಶೀರ್ಷಿಕೆ ‘ರೀಡ್–ಸೊಲೊಮನ್ ಕೋಡ್‌ಗಳ ಡಿಕೋಡಿಂಗ್: ಹೊಸ ವಿಧಾನಗಳು’ ಎಂದಿಟ್ಟುಕೊಳ್ಳೋಣ. ಮಾತನಾಡುವವರು ಅದೇ ವಿಷಯದಲ್ಲಿ ವರ್ಷಗಟ್ಟಲೆ ದುಡಿದ ಗಣಿತಜ್ಞೆ. ಎದುರಿಗೆ ಕೂತವರಲ್ಲಿ ನಾಲ್ಕೈದು ಮಂದಿ ಎಂಜಿನಿಯರುಗಳು. ಉಳಿದವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಅಂಗಡಿ ನಡೆಸುವವರಿದ್ದಾರೆ, ನಿವೃತ್ತರಿದ್ದಾರೆ, ಮಕ್ಕಳನ್ನು ಕರೆತಂದ ತಾಯಂದಿರಿದ್ದಾರೆ. ಆ ಗಣಿತಜ್ಞೆಯನ್ನು ಪರಿಚಯಿಸುವ ಹೊಣೆ ನಿಮ್ಮದು. ಡಿಕೋಡಿಂಗ್ ಎಂದರೇನೆಂದು ನಿಮಗೂ ಸರಿಯಾಗಿ ಗೊತ್ತಿಲ್ಲ.

ಹೆಚ್ಚಿನವರು ಇಂಥ ಸಂದರ್ಭದಲ್ಲಿ ಸಂಘಟಕರು ಕೊಟ್ಟ ಬಯೋಡೇಟಾ ಓದುತ್ತಾರೆ. ಪದವಿ, ಪ್ರಶಸ್ತಿ, ಪ್ರಬಂಧಗಳ ಸಂಖ್ಯೆ. ಇದೆಲ್ಲ ‘ಇವರು ದೊಡ್ಡವರೇ?’ ಎಂಬ ಪ್ರಶ್ನೆಗೆ ಉತ್ತರ. ಆ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳಿರುವುದಿಲ್ಲ. ದೊಡ್ಡವರೆಂದು ಒಪ್ಪಿಕೊಂಡೇ ಜನ ಬಂದಿರುತ್ತಾರೆ. ಅವರ ಮನಸ್ಸಿನಲ್ಲಿರುವ ಅಳುಕು ಬೇರೆ: ‘ಇದು ನನ್ನಂಥವರಿಗೆ ಹೇಳಿದ್ದೇ? ಮಧ್ಯದಲ್ಲಿ ದಾರಿ ತಪ್ಪಿದರೆ?’ ಪರಿಚಯ ಭಾಷಣ ಉತ್ತರ ಕೊಡಬೇಕಾದದ್ದು ಈ ಅಳುಕಿಗೆ. ಪ್ರಶಸ್ತಿಗಳ ಪಟ್ಟಿ ಉದ್ದವಾದಷ್ಟೂ ಅಳುಕು ಹೆಚ್ಚುತ್ತದೆ.

ಮೊದಲು ಫೋನ್ ಮಾಡಿ

ಕಾರ್ಯಕ್ರಮಕ್ಕೆ ಒಂದು ವಾರ ಇರುವಾಗಲೇ ಭಾಷಣಕಾರರ ಜೊತೆ ಕಾಲು ಗಂಟೆ ಮಾತಾಡಿ. ‘ನಿಮ್ಮ ಸಂಶೋಧನೆಯ ಬಗ್ಗೆ ಹೇಳಿ ಮೇಡಂ’ ಎಂದರೆ ಅವರು ತಮ್ಮ ಸಹೋದ್ಯೋಗಿಗಳಿಗೆ ಹೇಳುವಂತೆಯೇ ಹೇಳುತ್ತಾರೆ, ನಿಮಗೆ ಏನೂ ಸಿಗುವುದಿಲ್ಲ. ಹೀಗೆ ಕೇಳಿ: ‘ನೀವು ಕೆಲಸ ಮಾಡುವ ಈ ವಿದ್ಯೆ ನಾಳೆ ಬೆಳಿಗ್ಗೆ ಇಲ್ಲವಾದರೆ ಮೊದಲು ಯಾವುದು ನಿಲ್ಲುತ್ತದೆ?’ ಉತ್ತರದಲ್ಲಿ ಒಂದು ವಸ್ತು ಸಿಗುತ್ತದೆ. ನಮ್ಮ ಗಣಿತಜ್ಞೆ ಬಹುಶಃ ‘ಕ್ಯೂಆರ್ ಕೋಡ್’ ಎಂದಾರು. ಸ್ವಲ್ಪ ಹರಿದರೂ ಮಸಿಯಾದರೂ ಆ ಚೌಕವನ್ನು ಫೋನ್ ಓದುವುದು ರೀಡ್–ಸೊಲೊಮನ್ ಕೋಡ್‌ನಿಂದಲೇ.

ಇನ್ನೆರಡು ಪ್ರಶ್ನೆ ಮರೆಯಬೇಡಿ. ‘ಯಾವ ಪದವನ್ನು ಬಿಟ್ಟು ನಿಮಗೆ ಮಾತಾಡಲು ಆಗುವುದೇ ಇಲ್ಲ?’ ಮತ್ತು ‘ನಿಮ್ಮ ಭಾಷಣದಲ್ಲಿ ಅತಿ ಕಠಿಣವಾದ ಭಾಗ ಎಲ್ಲಿ ಬರುತ್ತದೆ?’ ಎರಡನೆಯದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಉಪಯುಕ್ತ ಪ್ರಶ್ನೆ, ಯಾಕೆಂದು ಮುಂದೆ ಹೇಳುತ್ತೇನೆ. ಫೋನ್ ಇಡುವ ಮುಂಚೆ ಅವರ ಹೆಸರನ್ನು ಅವರ ಬಾಯಲ್ಲೇ ಒಮ್ಮೆ ಕೇಳಿ, ತಿರುಗಿ ಹೇಳಿ ತೋರಿಸಿ.

ಒಂದೇ ಬಾಗಿಲು ತೆರೆಯಿರಿ

ಫೋನಿನಲ್ಲಿ ಹತ್ತು ಸಂಗತಿ ಸಿಗಬಹುದು. ವೇದಿಕೆಗೆ ಒಂದು ಸಾಕು. ಅದಕ್ಕೆ ಎರಡು ಪರೀಕ್ಷೆಗಳಿವೆ. ಸಭೆಯಲ್ಲಿರುವ ಎಲ್ಲರೂ ಅದನ್ನು ಕೈಯಲ್ಲಿ ಹಿಡಿದಿರಬೇಕು ಇಲ್ಲವೇ ಕಣ್ಣಾರೆ ಕಂಡಿರಬೇಕು. ಅದು ಭಾಷಣಕಾರರ ಕೆಲಸಕ್ಕೆ ನೇರವಾಗಿ ಸಂಬಂಧಿಸಿರಬೇಕು. ಎರಡನೆಯದರಲ್ಲಿ ಎಡವುವವರೇ ಹೆಚ್ಚು. ‘ಕ್ಯೂಆರ್ ಕೋಡ್ ಕಂಡುಹಿಡಿದವರು ಇವರೇ’ ಎಂಬ ಧಾಟಿಯಲ್ಲಿ ಪರಿಚಯಿಸಿಬಿಟ್ಟರೆ ಪಾಪ ಅವರು ಮೊದಲ ಎರಡು ನಿಮಿಷವನ್ನು ನಿಮ್ಮ ಮಾತು ತಿದ್ದುವುದರಲ್ಲೇ ಕಳೆಯಬೇಕಾಗುತ್ತದೆ.

ಸತ್ಯಾಂಶ ಇನ್ನೂ ಚೆನ್ನಾಗಿದೆ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸೊಲೊಮನ್ ತಮ್ಮ ಪ್ರಬಂಧ ಪ್ರಕಟಿಸಿದ್ದು 1960ರಲ್ಲಿ. ಕ್ಯೂಆರ್ ಕೋಡ್ ಬಂದದ್ದು 1994ರಲ್ಲಿ, ಜಪಾನಿನಲ್ಲಿ. ಅಂದರೆ ಗಣಿತ 34 ವರ್ಷ ಮುಂಚೆಯೇ ಸಿದ್ಧವಾಗಿತ್ತು. ಆದರೆ 1960ರಲ್ಲಿ ಅದು ಹೆಚ್ಚುಕಡಿಮೆ ಕಾಗದದ ಮೇಲಿನ ವಿದ್ಯೆ. ಕೆಟ್ಟುಹೋದ ಸಂದೇಶವನ್ನು ಬೇಗ ಸರಿಪಡಿಸುವ ದಾರಿ, ಅಂದರೆ ಡಿಕೋಡಿಂಗ್‌ನ ವೇಗದ ವಿಧಾನ, ಬರ್ಲೆಕ್ಯಾಂಪ್ ಮತ್ತು ಮ್ಯಾಸಿ ಎಂಬುವರಿಂದ ಸಿಕ್ಕಿದ್ದು ಆ ದಶಕದ ಕೊನೆಯಲ್ಲಿ. ನಮ್ಮ ಅತಿಥಿ ಇಂದು ಮುಂದುವರಿಸುತ್ತಿರುವುದು ಆ ಕೆಲಸವನ್ನೇ. ಇಷ್ಟು ತಿಳಿದರೆ ಶೀರ್ಷಿಕೆಯಲ್ಲಿರುವ ಭಯಂಕರ ಪದಕ್ಕೆ ಒಂದು ಕಥೆ ಸಿಕ್ಕಂತಾಯಿತು.

ಹಾಳಾದ ಕೋಡನ್ನು ಪರದೆಯ ಮೇಲೆ ತೋರಿಸುವುದಾದರೆ ಕೆಲವು ಎಚ್ಚರಿಕೆಗಳಿವೆ. ಕೋಡ್ ತಯಾರಿಸುವಾಗ ದೋಷ ಸರಿಪಡಿಸುವ ಮಟ್ಟ ಆರಿಸುವ ಅವಕಾಶವಿರುತ್ತದೆ. ಅತಿ ಕಡಿಮೆ ಮಟ್ಟದಲ್ಲಿ ಸುಮಾರು ಶೇ 7, ಅತಿ ಹೆಚ್ಚಿನದರಲ್ಲಿ ಸುಮಾರು ಶೇ 30ರಷ್ಟು ಮಾಹಿತಿ ಕೆಟ್ಟರೂ ಓದಬಹುದು. ಹೆಚ್ಚಿನದನ್ನೇ ಆರಿಸಿ, ಆದರೆ ಆ ಮಿತಿಯವರೆಗೂ ಹೋಗದೆ ಬದಿಯಲ್ಲೊಂದು ಸಣ್ಣ ಭಾಗವನ್ನಷ್ಟೇ ಮುಚ್ಚಿ. ಮೂಲೆಗಳಲ್ಲಿರುವ ಮೂರು ದೊಡ್ಡ ಚೌಕಗಳನ್ನು ಮಾತ್ರ ಮುಟ್ಟಬೇಡಿ. ಕೋಡ್ ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂದು ಫೋನಿಗೆ ಗೊತ್ತಾಗುವುದು ಅವುಗಳಿಂದ. ಅವು ಅಳಿಸಿಹೋದರೆ ಯಾವ ಗಣಿತವೂ ಕಾಪಾಡುವುದಿಲ್ಲ. ಕೋಡಿನೊಳಗೆ ವೆಬ್ ವಿಳಾಸದ ಬದಲು ‘ಸ್ವಾಗತ’ ಎಂಬಂಥ ಒಂದು ಪದ ಇಟ್ಟರೆ ಇಂಟರ್‌ನೆಟ್ ಇಲ್ಲದೆಯೂ ಕಾಣಿಸುತ್ತದೆ. ಪಠ್ಯ ಚಿಕ್ಕದಾದಷ್ಟೂ ಚುಕ್ಕಿಗಳು ದೊಡ್ಡದಾಗಿ, ಕೊನೆಯ ಸಾಲಿನವರ ಫೋನಿಗೂ ಸಿಗುತ್ತವೆ. ಅದೇ ಪರದೆಯಲ್ಲಿ, ಕೊನೆಯ ಕುರ್ಚಿಯಲ್ಲಿ ಕೂತು ಮೊದಲೇ ಪರೀಕ್ಷಿಸಿ. ಇನ್ನೊಂದು ಮಾತು: ಇದೇ ಉದಾಹರಣೆಯಿಂದ ತಾವು ಆರಂಭಿಸಬೇಕೆಂದು ಅತಿಥಿಯೇ ಯೋಚಿಸಿದ್ದರೆ, ಬಿಟ್ಟುಕೊಡಿ. ಅವರ ಮೊದಲ ಮಾತನ್ನು ಕಸಿದುಕೊಳ್ಳುವುದು ತಪ್ಪು.

ಒಂದು ಪದ, ಪೂರ್ತಿಯಾಗಿ

ಬಿಡಲಾಗದ ಪದ ಯಾವುದೆಂದು ಕೇಳಿದ್ದಿರಲ್ಲ, ಅದೊಂದನ್ನು ನೀವೇ ವಿವರಿಸಿ. ಐದು ಪದಗಳಿಗೆ ಅರೆಬರೆ ಅರ್ಥ ಹೇಳುವುದಕ್ಕಿಂತ ಒಂದನ್ನು ಗಟ್ಟಿ ಮಾಡುವುದು ಮೇಲು. ಇಲ್ಲಿ ಆ ಪದ ಡಿಕೋಡಿಂಗ್. ‘ಹೌದು’ ಎಂಬ ಉತ್ತರವನ್ನು ಗದ್ದಲದ ಮಾರ್ಗದಲ್ಲಿ ಕಳುಹಿಸಬೇಕಿದೆ. ಒಮ್ಮೆ ಕಳುಹಿಸಿದರೆ ಅದು ‘ಇಲ್ಲ’ ಎಂದು ತಲುಪಿಬಿಡಬಹುದು. ಮೂರು ಸಲ ಕಳುಹಿಸಿ, ಒಂದು ಕೆಟ್ಟು ‘ಹೌದು, ಇಲ್ಲ, ಹೌದು’ ಎಂದು ತಲುಪಿದರೂ ಪಡೆದವರು ಬಹುಮತ ನೋಡಿ ‘ಹೌದು’ ಎಂದೇ ತೀರ್ಮಾನಿಸುತ್ತಾರೆ. ಆ ತೀರ್ಮಾನಿಸುವ ಕೆಲಸವೇ ಡಿಕೋಡಿಂಗ್. ಮೂರು ಪಟ್ಟು ಕಳುಹಿಸುವುದು ದುಬಾರಿ. ರೀಡ್–ಸೊಲೊಮನ್ ಅದಕ್ಕಿಂತ ಬಹಳ ಕಡಿಮೆ ಹೆಚ್ಚುವರಿಯಲ್ಲಿ ಕೆಲಸ ಮುಗಿಸುತ್ತದೆ, ಬದಲಿಗೆ ತೀರ್ಮಾನ ಮಾಡುವುದು ಕಷ್ಟವಾಗುತ್ತದೆ.

ಬರೆದದ್ದನ್ನು ಭಾಷಣಕಾರರಿಗೆ ಓದಿ ಹೇಳಿ. ಅವರು ‘ಸರಿ, ಆದರೆ…’ ಎಂದರೆ ಆ ‘ಆದರೆ’ಯನ್ನು ಕೇಳಿಸಿಕೊಂಡು ತಿದ್ದಿ. ಅವರು ಎಲ್ಲವನ್ನೂ ಸೇರಿಸಲು ಹೊರಟರೆ ಮಾತ್ರ ನಯವಾಗಿ ತಡೆಯಿರಿ: ನಿಮ್ಮ ಮಾತು ಅಪೂರ್ಣವಾಗಿರಬಹುದು, ತಪ್ಪಾಗಿರಬಾರದು.

ಈ ಮಾತುಗಳು ಬೇಡ

‘ನನಗಂತೂ ಇದೆಲ್ಲ ಅರ್ಥವಾಗುವುದಿಲ್ಲ’ ಎಂಬುದು ವಿನಯದಿಂದ ಬರುವ ಮಾತು. ಆದರೆ ವೇದಿಕೆಯಲ್ಲಿರುವವರೇ ಕೈಚೆಲ್ಲಿದರೆ ಕೆಳಗೆ ಕೂತವರು ಫೋನ್ ತೆಗೆಯಲು ಅನುಮತಿ ಸಿಕ್ಕಂತೆ. ‘ಸಾಮಾನ್ಯರಿಗೂ ಅರ್ಥವಾಗುವಂತೆ ಹೇಳುತ್ತಾರೆ’ ಎಂದರೆ ಸಭೆಯನ್ನು ಎರಡು ಪಾಲು ಮಾಡಿ, ದೊಡ್ಡ ಪಾಲಿಗೆ ಸಾಮಾನ್ಯರೆಂದು ಹೆಸರಿಟ್ಟಂತಾಯಿತು. ಜೊತೆಗೆ, ಭಾಷಣಕಾರರು ಕೊಡದ ಭರವಸೆಯನ್ನು ನೀವು ಕೊಟ್ಟಿರಿ. ‘ನಮಗೆಲ್ಲ ಗೊತ್ತಿರುವಂತೆ’ ಎಂಬುದೂ ಬೇಡ, ಗೊತ್ತಿಲ್ಲದವರು ಅಲ್ಲೇ ಮುದುಡಿಕೊಳ್ಳುತ್ತಾರೆ.

ಹಿಡಿದುಕೊಳ್ಳಲು ಒಂದು ಪ್ರಶ್ನೆ

ಕಠಿಣ ಭಾಗ ಎಲ್ಲಿದೆ ಎಂದು ಕೇಳಿದ್ದು ಇದಕ್ಕಾಗಿ. ಸಮೀಕರಣಗಳು ಬಂದಾಗ ಜನರಿಗೆ ಬೇಸರಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತದೆ, ತಾನೊಬ್ಬನೇ ಹಿಂದೆ ಬಿದ್ದೆ ಎನಿಸುತ್ತದೆ. ಅಂಥ ಭಾಗ ಬರುತ್ತದೆ, ಅಲ್ಲಿ ಎಲ್ಲವೂ ತಿಳಿಯಬೇಕಿಲ್ಲ, ಅದು ಮುಗಿದ ಮೇಲೆ ಮತ್ತೆ ಸೇರಿಕೊಳ್ಳಬಹುದು ಎಂದು ಮೊದಲೇ ಗೊತ್ತಿದ್ದವರು ಎದ್ದು ಹೋಗುವುದಿಲ್ಲ. ಅಷ್ಟು ಹೊತ್ತು ಹಿಡಿದುಕೊಳ್ಳಲು ಅವರಿಗೆ ಒಂದು ಪ್ರಶ್ನೆ ಬೇಕು. ಅದು ತಜ್ಞರಿಗೂ ಆಸಕ್ತಿ ಹುಟ್ಟಿಸುವಂತಿದ್ದರೆ ಇನ್ನೂ ಒಳ್ಳೆಯದು, ಅವರೂ ಅತಿಥಿಗಳೇ. ಈ ವಿಷಯದಲ್ಲಿ ಅಂಥದ್ದೊಂದು ಇದೆ: ಎಲ್ಲಿ ಕೆಟ್ಟಿದೆ ಎಂದು ಮೊದಲೇ ಗೊತ್ತಿದ್ದರೆ, ಅಷ್ಟೇ ಹೆಚ್ಚುವರಿ ಅಂಕಿಗಳಿಂದ ಎರಡರಷ್ಟು ಹಾನಿಯನ್ನು ಸರಿಪಡಿಸಬಹುದು. ಹಾಗಾದರೆ ಕೆಟ್ಟ ಜಾಗವನ್ನು ಪತ್ತೆಹಚ್ಚುವುದು ಹೇಗೆ?

ಎಲ್ಲ ಸೇರಿದರೆ ಪರಿಚಯ ಹೀಗಾಗುತ್ತದೆ:

‘ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಒಂದು ಕ್ಯೂಆರ್ ಕೋಡ್ ಇದೆ, ಅದರ ಒಂದು ಭಾಗಕ್ಕೆ ಮಸಿ ಬಿದ್ದಿದೆ. ಫೋನ್ ಹಿಡಿದು ನೋಡಿ, ಆದರೂ ಓದುತ್ತದೆ. ಮಸಿಯ ಕೆಳಗೆ ಏನಿತ್ತೆಂದು ಫೋನಿಗೆ ಹೇಗೆ ತಿಳಿಯಿತು? 1960ರಲ್ಲಿ ರೀಡ್ ಮತ್ತು ಸೊಲೊಮನ್ ಎಂಬ ಇಬ್ಬರು ಇದಕ್ಕೊಂದು ಉಪಾಯ ಹೇಳಿದರು: ಸಂದೇಶದ ಜೊತೆ ಒಂದಿಷ್ಟು ಹೆಚ್ಚುವರಿ ಅಂಕಿಗಳನ್ನು ಕಳುಹಿಸಿ. ಕೆಲವು ಕೆಟ್ಟರೂ ಉಳಿದವುಗಳಿಂದ ಲೆಕ್ಕ ಹಾಕಿ ಮೂಲವನ್ನು ಪಡೆಯಬಹುದು. ಹೆಚ್ಚುವರಿ ಸೇರಿಸುವುದು ಸುಲಭ. ಯಾವುದು ಕೆಟ್ಟಿದೆಯೆಂದು ಕಂಡುಹಿಡಿದು ಸರಿಪಡಿಸುವುದು ಕಷ್ಟ. ಅದರ ಹೆಸರು ಡಿಕೋಡಿಂಗ್. ಆ ಕಷ್ಟದ ಕೆಲಸವನ್ನು ಇನ್ನಷ್ಟು ಬೇಗ ಮಾಡುವ ದಾರಿಯನ್ನು ಹುಡುಕುತ್ತಿರುವವರು ನಮ್ಮ ನಡುವೆ ಇದ್ದಾರೆ. ಭಾಷಣದ ನಡುವೆ ಸುಮಾರು ಹತ್ತು ನಿಮಿಷ ಸಮೀಕರಣಗಳು ಬರುತ್ತವೆ. ಆಗ ಎಲ್ಲರೂ ಒಂದೇ ಪ್ರಶ್ನೆ ಹಿಡಿದುಕೊಳ್ಳೋಣ: ತಪ್ಪು ಎಲ್ಲಿದೆ ಎಂದು ಗೊತ್ತಾಗುವುದು ಹೇಗೆ? ಆಮೇಲೆ ಅವರು ಮತ್ತೆ ಈ ಕೋಡಿಗೇ ಬರುತ್ತಾರೆ. ದಯವಿಟ್ಟು ಸ್ವಾಗತಿಸಿ, ಡಾ. …’

ಹೆಸರು ಕೊನೆಗೆ ಬರಲಿ, ಚಪ್ಪಾಳೆಗೆ ಅದೇ ಸೂಚನೆ. ಅರ್ಹತೆಗೆ ಒಂದು ವಾಕ್ಯ ಸಾಕಾಗಿದೆ, ಅದೂ ಅವರು ಏನು ಮಾಡುತ್ತಾರೆ ಎಂಬುದರಲ್ಲೇ ಸೇರಿಹೋಗಿದೆ. ಪೂರ್ತಿ ಬಯೋಡೇಟಾ ಬೇಕೇಬೇಕೆಂದು ಸಂಘಟಕರು ಹಟ ಹಿಡಿದರೆ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಲಿ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಫೋನ್ ಹಿಡಿಯುವ ಹೊತ್ತೂ ಸೇರಿ ಮೂರು ನಿಮಿಷ ಮೀರಬಾರದು.

ಹತ್ತು ನಿಮಿಷದ ಸಮೀಕರಣ ಎಂದಿರಿ, ಭಾಷಣ ಇಡೀ ಸಮೀಕರಣವೇ ಆಗಿಹೋದರೆ? ಆಗ ಪ್ರಶ್ನೋತ್ತರದಲ್ಲಿ ನಿಮ್ಮ ಕೆಲಸ ಮುಂದುವರಿಯುತ್ತದೆ. ಮೊದಲ ಕೈ ಎತ್ತುವವರು ಸಾಮಾನ್ಯವಾಗಿ ಎಂಜಿನಿಯರುಗಳೇ, ಅವರ ಪ್ರಶ್ನೆಯಿಂದ ಶುರುವಾದರೆ ಉಳಿದವರು ಕೈ ಎತ್ತುವುದೇ ಇಲ್ಲ. ಹಾಗಾಗಿ ಮೊದಲ ಪ್ರಶ್ನೆ ನೀವೇ ಕೇಳಿ, ಸಭೆಗೆ ಕೊಟ್ಟ ಅದೇ ಪ್ರಶ್ನೆಯನ್ನು: ‘ಮೇಡಂ, ಈ ಕೋಡಿನಲ್ಲಿ ಮಸಿ ಬಿದ್ದ ಜಾಗ ಫೋನಿಗೆ ಹೇಗೆ ಸಿಕ್ಕಿತು, ಇದನ್ನೇ ತೋರಿಸಿ ಇನ್ನೊಮ್ಮೆ ಹೇಳುತ್ತೀರಾ?’ ಪರದೆಯ ಮೇಲೆ ಆ ಕೋಡನ್ನು ಮತ್ತೆ ತರಿಸಿ. ಆಮೇಲೆ ಎಂಜಿನಿಯರುಗಳಿಗೆ ಮೈಕ್ ಕೊಡಿ. ಅವರ ಪ್ರಶ್ನೆಯಲ್ಲಿ ಹೊಸ ಪದ ಬಂದರೆ ಉತ್ತರಕ್ಕೆ ಮುಂಚೆ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಹೇಳುವಂತೆ ಕೇಳಿದವರನ್ನೇ ವಿನಂತಿಸಿ.