ಸ್ವರ್ಗ ಬೇರೆ, ಮೋಕ್ಷ ಬೇರೆ: ಮಕ್ಕಳಿಗೆ ಹೇಳುವುದು ಹೇಗೆ?

ನಮ್ಮ ಕಾಸರಗೋಡಿನ ಕಡೆ ಉತ್ತರಕ್ರಿಯೆಯ ದಿನ ನುಡಿನಮನಕ್ಕೆ ನಿಂತವರಲ್ಲಿ ಒಬ್ಬರು ‘ಅಜ್ಜ ಸ್ವರ್ಗಸ್ಥರಾದರು’ ಎಂದರೆ, ಇನ್ನೊಬ್ಬರು ‘ಅವರ ಪುಣ್ಯಕ್ಕೆ ಮೋಕ್ಷವೇ ಸಿಕ್ಕಿತು’ ಎನ್ನುತ್ತಾರೆ. ಹೋದ ತಿಂಗಳು ಇಂಥದ್ದೇ ಮನೆಯ ಜಗಲಿಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: “ಮಾವ, ಅಜ್ಜ ಹೋದದ್ದು ಎರಡರಲ್ಲಿ ಎಲ್ಲಿಗೆ?” ಪಕ್ಕದಲ್ಲಿದ್ದವರು “ಮೋಕ್ಷ ಅಂದ್ರೆ ದೊಡ್ಡ ಸ್ವರ್ಗ ಮಗಾ” ಎಂದುಬಿಟ್ಟರು. ಈ ಅಡ್ಡದಾರಿ ಬೇಡವೇ ಬೇಡ. ಆಮೇಲೆ ಏನು ಹೇಳಿದರೂ ಅದರ ಮೇಲೆಯೇ ಕೂರುತ್ತದೆ.

ಮೊದಲು ಸ್ವರ್ಗ. ಇದಕ್ಕೆ ಮಹಾಭಾರತದ ಯಯಾತಿ ಸಾಕು. ಪುಣ್ಯದಿಂದ ಸ್ವರ್ಗಕ್ಕೆ ಹೋದ. ‘ತಪಸ್ಸಿನಲ್ಲಿ ನಿನಗೆ ಸಮಾನರು ಯಾರು’ ಎಂದು ಇಂದ್ರ ಕೇಳಿದಾಗ ‘ಯಾರೂ ಇಲ್ಲ’ ಎಂದ. ಪುಣ್ಯ ಕರಗಿ ಕೆಳಗೆ ಬಿದ್ದ. ಅಷ್ಟಕ, ಶಿಬಿ ಮುಂತಾದ ಮಗಳ ಮಕ್ಕಳು ತಮ್ಮ ಪುಣ್ಯ ಕೊಡುತ್ತೇವೆಂದು ಮುಂದೆ ಬಂದರು, ಮತ್ತೆ ಮೇಲೇರಿದ. ಗಳಿಸಿದ್ದು, ಖರ್ಚಾದದ್ದು, ಇನ್ನೊಬ್ಬರು ಕೊಡಬಹುದಾದದ್ದು: ಸ್ವರ್ಗದ ಲೆಕ್ಕ ಇಷ್ಟೇ. ‘ಕ್ಷೀಣೇ ಪುಣ್ಯೇ ಮರ್ತ್ಯಲೋಕಂ ವಿಶಂತಿ’ ಎಂದು ಗೀತೆಯ ಒಂಬತ್ತನೇ ಅಧ್ಯಾಯ ಹೇಳುವುದೂ ಇದನ್ನೇ.

ಜನ ಎಡವುವುದು ಮುಂದಿನ ಮೆಟ್ಟಿಲಲ್ಲಿ. ‘ಹಾಗಾದರೆ ಮುಗಿಯದಷ್ಟು ಪುಣ್ಯ ಮಾಡಿದರಾಯಿತಲ್ಲ?’ ಎಂದು ಮಗು ಕೇಳಿಯೇ ಕೇಳುತ್ತದೆ. ಇಲ್ಲಿ ಅವಸರ ಮಾಡಬೇಡಿ. ಕೆಲಸಕ್ಕೆ ಮೊದಲಿದೆ, ಕೊನೆಯಿದೆ. ಅದರ ಫಲಕ್ಕೂ ಹಾಗೆಯೇ. ಎಷ್ಟು ದೊಡ್ಡ ಕೂಲಿಯಾದರೂ ಒಂದು ದಿನ ತೀರುತ್ತದೆ, ಮತ್ತೆ ದುಡಿಯಲು ಹುಟ್ಟಿ ಬರಬೇಕು. ಮೋಕ್ಷವೂ ಕೂಲಿಯಾದರೆ ಅದೂ ತೀರಬೇಕಾಗುತ್ತದೆ. ಅದಕ್ಕೇ ಅದನ್ನು ಬಹುಮಾನವೆನ್ನದೆ ಬಿಡುಗಡೆ ಎಂದರು.

ಆಗ ಅದ್ವೈತಿಗಳ ಹತ್ತನೆಯವನ ಕಥೆ ಹೇಳಿ. ನಮ್ಮ ಚಂದ್ರಗಿರಿ ಹೊಳೆಯನ್ನೇ ದಾಟಿಸಿ. ಹತ್ತು ಜನ ಆಚೆ ದಡ ಸೇರಿ ಎಣಿಸುತ್ತಾರೆ, ಎಣಿಸುವವನು ತನ್ನನ್ನೇ ಬಿಡುತ್ತಾನೆ, ಒಂಬತ್ತೇ. ಒಬ್ಬ ಮುಳುಗಿದನೆಂದು ಅಳುತ್ತಾರೆ. ದಾರಿಹೋಕ ಬಂದು ‘ಹತ್ತನೆಯವನು ನೀನೇ’ ಎನ್ನುತ್ತಾನೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಕೇಳಿ: ಹತ್ತನೆಯವನು ಎಲ್ಲಿಂದ ಬಂದ? ಅತ್ತದ್ದಕ್ಕೆ ಸಿಕ್ಕಿದನೇ? ‘ಅಲ್ಲೇ ಇದ್ದ’ ಎಂದು ಮಗು ತಾನೇ ಹೇಳಿದರೆ ವಿಷಯ ತಲುಪಿತು: ಮೋಕ್ಷವೂ ಹೊಸದಾಗಿ ಸಿಗುವುದಲ್ಲ, ಇದ್ದದ್ದನ್ನು ತಿಳಿಯುವುದು. ‘ದಾರಿಹೋಕ ಕೊಟ್ಟ’ ಎಂದರೆ ಇನ್ನೊಮ್ಮೆ ಎಣಿಸಿಸಿ.

ಒಳ್ಳೆಯ ಕೆಲಸ ವ್ಯರ್ಥವೇ ಎಂದರೆ, ಅಲ್ಲ. ಅದು ಮನಸ್ಸಿನ ಕೊಳೆ ತೆಗೆಯುತ್ತದೆ, ತಿಳಿವಿಗೆ ದಾರಿಯಾಗುತ್ತದೆ.

ಮಾಧ್ವರ ಮನೆಯಲ್ಲಾದರೆ ಈ ಕಥೆಗೇ ನಿಲ್ಲಿಸಬೇಡಿ. ಅವರ ಮತದಲ್ಲಿ ಮುಕ್ತ ಜೀವ ಹರಿಯಿಂದ ಬೇರೆಯಾಗಿಯೇ ವೈಕುಂಠದಲ್ಲಿ ಸುಖಪಡುತ್ತದೆ. ಕೇಳಲು ಸ್ವರ್ಗದಂತಿದ್ದರೂ ಆ ಸುಖ ಹೊರಗಿನಿಂದ ಸಂದ ಸಂಬಳವಲ್ಲ, ಜೀವದ ಸ್ವಂತ ಸ್ವರೂಪದ್ದು, ಹರಿಯ ಪ್ರಸಾದದಿಂದ ಪ್ರಕಟವಾಗುವಂಥದ್ದು. ಅಲ್ಲಿಂದಲೂ ಯಾರೂ ಯಯಾತಿಯಂತೆ ಬೀಳುವುದಿಲ್ಲ.