ಜಾಹೀರಾತಿಗೆ ಮೊದಲೇ ಪೋಸ್ಟ್‌ಡಾಕ್ ಜಾಗ ಹುಡುಕಿದ ಬಗೆ

ಪೋಸ್ಟ್‌ಡಾಕ್ ಜಾಗ ಹುಟ್ಟುವುದು ದುಡ್ಡಿನಿಂದ. ಒಂದು ಲ್ಯಾಬ್‌ಗೆ ಗ್ರಾಂಟ್ ಸಿಗುತ್ತದೆ. ಅದರಲ್ಲಿ ಒಬ್ಬಿಬ್ಬರ ಸಂಬಳಕ್ಕೆ ಅಂತ ಹಣ ಇರುತ್ತದೆ. ಜಾಹೀರಾತು ಬರುವುದು ಇದೆಲ್ಲ ಆಗಿ ಎಷ್ಟೋ ತಿಂಗಳಾದ ಮೇಲೆ. ಅಷ್ಟು ಹೊತ್ತಿಗೆ ಆ ಲ್ಯಾಬಿನ ಮುಖ್ಯಸ್ಥರ ಮನಸ್ಸಿನಲ್ಲಿ ಎರಡು ಮೂರು ಹೆಸರು ಆಗಲೇ ಕೂತಿರುತ್ತವೆ. ಹಾಗಾಗಿ ನಾನು ಹುಡುಕಾಟವನ್ನು ಗ್ರಾಂಟ್‌ನಿಂದಲೇ ಶುರು ಮಾಡಿದೆ. ನನ್ನದು ವಿಕಾಸ ಜೀವಶಾಸ್ತ್ರ, ಅದರಲ್ಲೂ ಜೀನೋಮ್ ಕೆಲಸ. ಬೇರೆ ವಿಷಯದವರಿಗೂ ದಾರಿ ಹೆಚ್ಚುಕಡಿಮೆ ಇದೇ, ಡೇಟಾಬೇಸ್ ಮತ್ತು ಮೇಲಿಂಗ್ ಲಿಸ್ಟ್‌ಗಳ ಹೆಸರು ಮಾತ್ರ ಬೇರೆ.

ಮೊದಲು ನಾನು ನೋಡಿದ್ದು ನನಗೆ ಇಷ್ಟವಾದ ಪೇಪರ್‌ಗಳ ಕೊನೆಯ ಭಾಗ. ಅಲ್ಲಿ ಕೃತಜ್ಞತೆ ಹೇಳುವ ಕಡೆ ಯಾವ ಸಂಸ್ಥೆ ದುಡ್ಡು ಕೊಟ್ಟಿದೆ, ಗ್ರಾಂಟ್ ನಂಬರ್ ಏನು ಎಂದು ಬರೆದಿರುತ್ತಾರೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಆದರೆ ಆ ನಂಬರ್ ಹಿಡಿದು ಹೋದರೆ ಲ್ಯಾಬಿನ ಲೆಕ್ಕಾಚಾರ ಅರ್ಧ ತಿಳಿಯುತ್ತದೆ. ಯುರೋಪಿಯನ್ ಯೂನಿಯನ್ ಕೊಡುವ ಗ್ರಾಂಟ್ ಆದರೆ `cordis.europa.eu` ತೆರೆದು ಆ ನಂಬರ್ ಹಾಕಿ. ಯೋಜನೆಯ ಸಾರಾಂಶ, ಯಾವ ಸಂಸ್ಥೆಯಲ್ಲಿ ನಡೆಯುತ್ತಿದೆ, ಎಷ್ಟು ಹಣ, ಯಾವತ್ತು ಶುರು, ಯಾವತ್ತು ಮುಗಿಯುತ್ತದೆ, ಎಲ್ಲ ಅಲ್ಲೇ ಇರುತ್ತದೆ. ಅಮೆರಿಕದಲ್ಲಿ ಆರೋಗ್ಯ ಸಂಶೋಧನೆಗೆ ಹಣ ಕೊಡುವ ಎನ್‌ಐಎಚ್‌ನ ಗ್ರಾಂಟ್ ಆದರೆ `reporter.nih.gov`. ಅಲ್ಲಿನ ನಂಬರ್‌ಗಳನ್ನು ಓದಲು ಕಲಿತರೆ ಇನ್ನೂ ಒಳ್ಳೆಯದು. ಉದಾಹರಣೆಗೆ ಈ ಬಗೆಯ ನಂಬರ್:

```
5R01GM000000-03
```

ಮೊದಲ ಅಂಕಿ 1 ಇದ್ದರೆ ಹೊಸ ಗ್ರಾಂಟ್. 2 ಇದ್ದರೆ ಹಳೆಯದು ಮುಗಿದು ಮತ್ತೆ ಸ್ಪರ್ಧೆಯಲ್ಲಿ ಗೆದ್ದು ಮುಂದುವರಿದದ್ದು. 5 ಇದ್ದರೆ ನಡೆಯುತ್ತಿರುವ ಗ್ರಾಂಟ್‌ನ ಮುಂದಿನ ವರ್ಷ. ಕೊನೆಯ 03 ಅಂದರೆ ಮೂರನೇ ವರ್ಷ. ಹೊಸದಾಗಿ ಸಿಕ್ಕಿದ ಅಥವಾ ಈಗಷ್ಟೇ ಮುಂದುವರಿದ ಗ್ರಾಂಟ್ ಇರುವ ಲ್ಯಾಬ್‌ಗೆ ಜನ ಬೇಕಾಗಿರುವ ಸಾಧ್ಯತೆ ಜಾಸ್ತಿ. ಕೊನೆಯ ವರ್ಷದಲ್ಲಿರುವ ಲ್ಯಾಬ್ ಎಷ್ಟೇ ಚೆನ್ನಾಗಿದ್ದರೂ ಹೊಸಬರಿಗೆ ಎರಡು ವರ್ಷದ ಭರವಸೆ ಕೊಡಲಾರದು.

ಯುರೋಪಿಯನ್ ರಿಸರ್ಚ್ ಕೌನ್ಸಿಲ್, ಅಂದರೆ ಇಆರ್‌ಸಿ ಕೊಡುವ ಗ್ರಾಂಟ್‌ಗಳಿಗೆ ನಾನು ಹೆಚ್ಚು ಗಮನ ಕೊಟ್ಟೆ. ಅದರಲ್ಲಿ ಸ್ಟಾರ್ಟಿಂಗ್ ಗ್ರಾಂಟ್ ಅಂದರೆ ಐದು ವರ್ಷಕ್ಕೆ ಸಾಮಾನ್ಯವಾಗಿ 15 ಲಕ್ಷ ಯೂರೋವರೆಗೆ. ಪಡೆಯುವವರು ತಮ್ಮ ಲ್ಯಾಬ್ ಕಟ್ಟುತ್ತಿರುವವರು, ಆದ್ದರಿಂದ ಹಣದ ಗಣನೀಯ ಭಾಗ ಜನರ ಸಂಬಳಕ್ಕೇ ಹೋಗುತ್ತದೆ. ಗೆದ್ದವರ ಪಟ್ಟಿ ಈಚಿನ ವರ್ಷಗಳಲ್ಲಿ ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಬರುತ್ತಿದೆ. ಪಟ್ಟಿ ಬಂದ ದಿನವೇ ದುಡ್ಡು ಕೈಗೆ ಬರುವುದಿಲ್ಲ. ಒಪ್ಪಂದ, ಸಹಿ, ಶುರುವಾಗುವ ದಿನಾಂಕ ಅಂತ ತಿಂಗಳುಗಳು ಹಿಡಿಯುತ್ತವೆ. ಬರೆಯಲು ಒಳ್ಳೆಯ ಸಮಯ ಆ ನಡುವಿನ ಅವಧಿಯೇ.

ನನಗೆ ಜಾಗ ಸಿಕ್ಕಿದ ಲ್ಯಾಬಿನ ಲೆಕ್ಕ ಹೇಳುತ್ತೇನೆ. ಅವರ ಗ್ರಾಂಟ್ 2022ರ ಜನವರಿಯಲ್ಲಿ ಶುರುವಾಗಿ 2026ರ ಡಿಸೆಂಬರ್‌ಗೆ ಮುಗಿಯುವಂಥದ್ದು. ನಾನು ನೋಡಿದ್ದು 2024ರ ಮಾರ್ಚ್‌ನಲ್ಲಿ, ಅಂದರೆ ಇನ್ನೂ ಎರಡೂ ಮುಕ್ಕಾಲು ವರ್ಷ ಬಾಕಿ. ಆಮೇಲೆ ಲ್ಯಾಬಿನ ಪುಟ ತೆರೆದೆ. ಅಲ್ಲಿ ಒಬ್ಬರೇ ಪೋಸ್ಟ್‌ಡಾಕ್. ಅವರು 2023ರ ಜನವರಿಯಲ್ಲಿ ಸೇರಿದ್ದು ಎಂದು ಸುದ್ದಿ ಭಾಗದಲ್ಲಿತ್ತು. ಎರಡು ವರ್ಷದ ಒಪ್ಪಂದ ಅಂತ ಇಟ್ಟುಕೊಂಡರೆ 2025ರ ಆರಂಭದಲ್ಲಿ ಆ ಜಾಗ ಖಾಲಿ. ಅಲ್ಲಿಂದ ಗ್ರಾಂಟ್ ಮುಗಿಯುವವರೆಗೆ ಸುಮಾರು ಎರಡು ವರ್ಷ. ಯೋಜನೆಯ ಸಾರಾಂಶದಲ್ಲಿ ಮೂರು ಭಾಗದ ಕೆಲಸ ಹೇಳಿದ್ದರು. ಬಂದಿದ್ದ ಪೇಪರ್‌ಗಳು ಮೊದಲ ಎರಡು ಭಾಗದವು. ಮೂರನೆಯದು ಜನಸಮುದಾಯಗಳ ಜೀನೋಮ್ ಹೋಲಿಕೆ, ನನ್ನ ಪಿಎಚ್‌ಡಿ ಕೆಲಸವೇ ಅದು.

ಲ್ಯಾಬ್ ಪುಟಗಳನ್ನು ನಂಬುವ ಮೊದಲು ಎರಡು ವಿಷಯ ನೋಡಿ. ಒಂದು, ಪುಟ ಜೀವಂತವಾಗಿದೆಯಾ? ಸುದ್ದಿ ಭಾಗದ ಕೊನೆಯ ದಿನಾಂಕ ಎರಡು ವರ್ಷ ಹಿಂದಿನದಾದರೆ ಅಲ್ಲಿರುವ ‘ನಮ್ಮಲ್ಲಿ ಜಾಗವಿದೆ’ ಎಂಬ ಸಾಲಿಗೆ ಬೆಲೆ ಇಲ್ಲ. ಇತ್ತೀಚಿನ ಪೇಪರ್‌ನಲ್ಲಿ ಅವರ ಸಂಸ್ಥೆಯ ಹೆಸರು ಬೇರೆ ಇದ್ದರೆ ಲ್ಯಾಬ್ ಊರೇ ಬಿಟ್ಟಿರಬಹುದು. ಇನ್ನೊಂದು, ಹಳೆಯ ಸದಸ್ಯರ ಪಟ್ಟಿ. ಪೋಸ್ಟ್‌ಡಾಕ್‌ಗಳು ಎಷ್ಟು ಕಾಲ ಇದ್ದರು, ಮೊದಲ ಹೆಸರಿನ ಪೇಪರ್ ಬಂತಾ, ಆಮೇಲೆ ಎಲ್ಲಿಗೆ ಹೋದರು? ಒಬ್ಬರಾದ ಮೇಲೆ ಒಬ್ಬರು ವರ್ಷದೊಳಗೆ ಬಿಟ್ಟು ಹೋಗಿದ್ದರೆ, ಅವರಲ್ಲೊಬ್ಬರಿಗೆ ಬರೆದು ಕೇಳದೆ ನಾನು ಮುಂದೆ ಹೋಗುತ್ತಿರಲಿಲ್ಲ. ಬಿಟ್ಟವರು ಸಾಮಾನ್ಯವಾಗಿ ಮನಸ್ಸು ಬಿಚ್ಚಿಯೇ ಹೇಳುತ್ತಾರೆ.

ಮೇಲ್ ಬರೆಯುವಾಗ ಈ ಲೆಕ್ಕವೇ ಕೆಲಸಕ್ಕೆ ಬಂತು. ‘ನಿಮ್ಮಲ್ಲಿ ಖಾಲಿ ಜಾಗ ಇದೆಯಾ’ ಎಂದು ಕೇಳಿದರೆ ಇಲ್ಲ ಎಂದು ಹೇಳುವುದು ಸುಲಭ. ನಾನು ಕೇಳಿದ್ದು ಹೀಗೆ: ಯೋಜನೆಯ ಮೂರನೇ ಭಾಗಕ್ಕೆ 2025ರಲ್ಲಿ ಯಾರನ್ನಾದರೂ ತೆಗೆದುಕೊಳ್ಳುವ ಆಲೋಚನೆ ಇದೆಯಾ? ಇಲ್ಲದಿದ್ದರೆ ಯುರೋಪಿಯನ್ ಯೂನಿಯನ್ ಕೊಡುವ ಮೇರಿ ಕ್ಯೂರಿ ಫೆಲೋಶಿಪ್‌ಗೆ ಈ ಸಲ ನಿಮ್ಮ ಲ್ಯಾಬ್‌ನಿಂದ ಅರ್ಜಿ ಹಾಕಬಹುದಾ? ಅದರ ಜೊತೆಗೆ ನಾನು ಏನು ಮಾಡಿದ್ದೇನೆ ಅಂತ ನಾಲ್ಕು ಸಾಲು, ಅವರ ಒಂದು ಪೇಪರ್‌ನ ಯಾವ ಪ್ರಶ್ನೆ ಇನ್ನೂ ಉಳಿದಿದೆ ಅಂತ ಮೂರು ಸಾಲು, ಸಿವಿ ಪಿಡಿಎಫ್. ಅಷ್ಟೇ. ಎರಡು ವಾರ ಕಾದು ಒಂದು ನೆನಪೋಲೆ ಕಳಿಸಿದೆ. ಅದಕ್ಕೆ ಉತ್ತರ ಬಂತು: ಸದ್ಯಕ್ಕೆ ಜಾಗ ಖಚಿತವಿಲ್ಲ, ಫೆಲೋಶಿಪ್‌ಗೆ ಒಟ್ಟಿಗೆ ಬರೆಯೋಣ.

ಇಲ್ಲಿ ನಿಯಮ ಮೊದಲು ನೋಡಬೇಕು, ಐಡಿಯಾ ಆಮೇಲೆ. 2024ರ ಕಾಲ್‌ನಲ್ಲಿ, ಅಂದರೆ ಆ ವರ್ಷದ ಅರ್ಜಿ ಆಹ್ವಾನದಲ್ಲಿ, ಕೊನೆಯ ದಿನಕ್ಕೆ ಮುಂಚಿನ 36 ತಿಂಗಳಲ್ಲಿ ಲ್ಯಾಬ್ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸ ಮಾಡಿರಬಾರದು, ಮುಖ್ಯ ಕೆಲಸವನ್ನೂ ಅಷ್ಟಕ್ಕಿಂತ ಹೆಚ್ಚು ಕಾಲ ಅಲ್ಲಿ ಮಾಡಿರಬಾರದು ಎಂದಿತ್ತು. ಪಿಎಚ್‌ಡಿ ಆದ ಮೇಲಿನ ಸಂಶೋಧನೆಯ ಅನುಭವಕ್ಕೆ ಎಂಟು ವರ್ಷದ ಮಿತಿ. ಇವು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಆ ವರ್ಷದ ಕೈಪಿಡಿಯನ್ನೇ ಓದಿ, ಹಿಂದಿನ ವರ್ಷ ಗೆದ್ದ ಗೆಳೆಯರ ಮಾತು ಸಾಲದು. ಕಾಲ್ ಏಪ್ರಿಲ್‌ನಲ್ಲಿ ತೆರೆದು ಸೆಪ್ಟೆಂಬರ್ 11ಕ್ಕೆ ಮುಚ್ಚಿತು. ಐದು ತಿಂಗಳು ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಹಲವು ವಿಶ್ವವಿದ್ಯಾಲಯಗಳು ತಮ್ಮೊಳಗೇ ಒಂದು ಗಡುವು ಇಟ್ಟುಕೊಂಡಿರುತ್ತವೆ. ಯಾರು ಯಾರ ಲ್ಯಾಬ್‌ನಿಂದ ಅರ್ಜಿ ಹಾಕುತ್ತಾರೆ ಅಂತ ಯುರೋಪಿನ ಬೇಸಿಗೆಗೆ ಮುಂಚೆಯೇ ಕೇಳುತ್ತವೆ. ಆಗಸ್ಟ್‌ನಲ್ಲಿ ಕಚೇರಿಯವರು ರಜೆಯಲ್ಲಿರುತ್ತಾರೆ. ಮಾರ್ಚ್‌ನಲ್ಲಿ ಬರೆದದ್ದರಿಂದಲೇ ನಮಗೆ ಸಮಯ ಸಿಕ್ಕಿತು.

ಅರ್ಜಿಯ ಮುಖ್ಯ ಭಾಗ ಹತ್ತು ಪುಟ. ಅಂಕದಲ್ಲಿ ವಿಜ್ಞಾನದ ಗುಣಮಟ್ಟಕ್ಕೆ ಅರ್ಧ, ಪರಿಣಾಮಕ್ಕೆ ಶೇ. 30, ಜಾರಿಗೆ ಶೇ. 20. ಅಂದರೆ ಅರ್ಧ ಅಂಕ ವಿಜ್ಞಾನದ ಆಚೆಗೆ ಇದೆ. ವಾರವಾರದ ಕೆಲಸದ ಪಟ್ಟಿ, ಯಾವ ಹಂತದಲ್ಲಿ ಏನು ಕೈಕೊಡಬಹುದು, ಆಗ ಬೇರೆ ದಾರಿ ಏನು ಎನ್ನುವುದಕ್ಕೆ ನಾನು ವಿಜ್ಞಾನದಷ್ಟೇ ಸಮಯ ಕೊಟ್ಟೆ. ಇನ್ನೊಂದು ವಿಷಯ. ಆ ಲ್ಯಾಬ್‌ಗೆ ಆಗಲೇ ಗ್ರಾಂಟ್ ಇದ್ದುದರಿಂದ, ಅದೇ ಕೆಲಸಕ್ಕೆ ಎರಡನೇ ಸಲ ದುಡ್ಡು ಕೇಳುವಂತಿಲ್ಲ. ನನ್ನ ಯೋಜನೆ ಅದರ ಪಕ್ಕದಲ್ಲಿ ಸ್ವಂತ ಕಾಲ ಮೇಲೆ ನಿಲ್ಲುವ ಹಾಗೆ ಪ್ರಶ್ನೆಯನ್ನೇ ಬದಲಿಸಿದೆವು.

ಆ ಸಲ ಬಂದ ಅರ್ಜಿ 10,360, ಆಯ್ಕೆಯಾದದ್ದು 1,696. 2025ರಲ್ಲಿ ಅರ್ಜಿಗಳೇ 17,058ಕ್ಕೆ ಏರಿದವು. ಇಂಥ ಕಡೆ ಒಂದೇ ಅರ್ಜಿ ನಂಬಿ ಕೂರಲು ಬರುವುದಿಲ್ಲ. ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಕಾಯುವ ಕಾಲದಲ್ಲಿ ಮೇಲಿಂಗ್ ಲಿಸ್ಟ್‌ಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಮ್ಮ ವಿಷಯದಲ್ಲಿ ಇವೋಲ್‌ಡಿರ್ ಮುಖ್ಯ, ಪರಿಸರ ವಿಜ್ಞಾನದವರಿಗೆ ಇಕೊಲಾಗ್, ಪ್ರೋಟೀನ್ ರಚನೆಯವರಿಗೆ ಸಿಸಿಪಿ4ಬಿಬಿ. ಇವೋಲ್‌ಡಿರ್‌ನಲ್ಲಿ ಮೇಲ್‌ನ ಶೀರ್ಷಿಕೆಯೇ `Postdoc:` ಎಂದು ಶುರುವಾಗಿ, ಸಂಸ್ಥೆ, ವಿಷಯ ಹೀಗೆ ಬರುತ್ತದೆ. ಆ ಪದಕ್ಕೆ ಫಿಲ್ಟರ್ ಹಾಕಿ ಬೇರೆ ಫೋಲ್ಡರ್‌ಗೆ ಕಳಿಸಿದರೆ ಬೆಳಗ್ಗೆ ಹತ್ತು ನಿಮಿಷದಲ್ಲಿ ಓದಿ ಮುಗಿಯುತ್ತದೆ. ನನಗೆ ಹೆಚ್ಚು ಉಪಯೋಗವಾದದ್ದು ಹಳೆಯ ಮೇಲ್‌ಗಳು. ಒಂದು ಲ್ಯಾಬಿನ ಹೆಸರು ಹಾಕಿ ಹುಡುಕಿದರೆ, ಅವರು ಯಾವಾಗ ಯಾವಾಗ ಜನ ತೆಗೆದುಕೊಂಡರು ಅಂತ ಸಾಲಾಗಿ ಕಾಣುತ್ತದೆ. ಹೋದ ವರ್ಷ ಹಾಕಿದ ಜಾಹೀರಾತನ್ನೇ ಈ ವರ್ಷವೂ ಹಾಕಿದ್ದರೆ, ಯಾಕೆ ಎಂದು ಯೋಚಿಸಬೇಕು.

ಜಾಹೀರಾತು ಓದುವಾಗ ನಾನು ಹುಡುಕುವುದು ದುಡ್ಡಿನ ಗುರುತು. ಗ್ರಾಂಟ್‌ನ ಹೆಸರು, ಒಪ್ಪಂದದ ಅವಧಿ, ಸಂಬಳದ ಶ್ರೇಣಿ, ಶುರುವಾಗುವ ದಿನ ಇದ್ದರೆ ಹಣ ಇದೆ. ‘ಸ್ವಂತ ಫೆಲೋಶಿಪ್‌ಗೆ ಅರ್ಜಿ ಹಾಕುವವರಿಗೆ ಬೆಂಬಲ ಕೊಡುತ್ತೇವೆ’ ಎಂದಷ್ಟೇ ಇದ್ದರೆ ಹಣ ಇಲ್ಲ. ಅದು ತಪ್ಪಲ್ಲ, ಮುಂದಿನ ಕಾಲ್‌ಗೆ ಒಳ್ಳೆಯ ಲ್ಯಾಬ್ ಸಿಗಬಹುದು. ಆದರೆ ಆ ವರ್ಷದ ಕೆಲಸ ಎಂದು ಅದನ್ನು ಎಣಿಸಬಾರದು. ಇನ್ನು ಹತ್ತೇ ದಿನ ತೆರೆದಿರುವ ಜಾಹೀರಾತು, ಒಂದೇ ಪ್ರಾಣಿ, ಒಂದೇ ಸಾಫ್ಟ್‌ವೇರ್, ಒಂದೇ ಬಗೆಯ ಡೇಟಾದ ಅನುಭವ ಕೇಳುತ್ತಿದ್ದರೆ, ಒಳಗೆ ಒಬ್ಬರು ಆಗಲೇ ಇದ್ದಾರೆ ಎನ್ನುವ ಸಾಧ್ಯತೆ ದೊಡ್ಡದು. ನಿಮಗೆ ಅದು ಸರಿಯಾಗಿ ಹೊಂದುತ್ತಿದ್ದರೆ ಹಾಕಿ. ಅರ್ಧಂಬರ್ಧ ಹೊಂದಿದರೆ ಆ ಸಂಜೆಯನ್ನು ಬೇರೆ ಮೇಲ್‌ಗೆ ಕೊಡಿ.

ಫೆಬ್ರವರಿಯಲ್ಲಿ ಫಲಿತಾಂಶ ಬಂತು. ನನ್ನ ಅಂಕ 85ರ ಮೇಲಿತ್ತು, ಹಣ ಸಿಗುವ ಗೆರೆಯ ಕೆಳಗಿತ್ತು. ಹಾಗಿದ್ದವರಿಗೆ ಸೀಲ್ ಆಫ್ ಎಕ್ಸಲೆನ್ಸ್ ಎಂಬ ಪ್ರಮಾಣಪತ್ರ ಕೊಡುತ್ತಾರೆ. ಕೆಲವು ದೇಶ, ಕೆಲವು ವಿಶ್ವವಿದ್ಯಾಲಯ ಅದರ ಮೇಲೆ ತಮ್ಮದೇ ಹಣ ಕೊಡುವುದುಂಟು, ಆದ್ದರಿಂದ ಅದು ಬಂದವರು ಆ ಸಂಸ್ಥೆಯ ಸಂಶೋಧನಾ ಕಚೇರಿಗೆ ಕೂಡಲೇ ಬರೆಯಬೇಕು. ನನ್ನ ವಿಷಯದಲ್ಲಿ ಅದರ ಅಗತ್ಯ ಬರಲಿಲ್ಲ. ಲ್ಯಾಬಿನ ಪೋಸ್ಟ್‌ಡಾಕ್ ಜನವರಿಯಲ್ಲಿ ಬೇರೆ ಕಡೆ ಹೋಗಿದ್ದರು. ಐದು ತಿಂಗಳು ಒಟ್ಟಿಗೆ ಬರೆದಿದ್ದರಿಂದ ಲ್ಯಾಬಿನ ಮುಖ್ಯಸ್ಥರಿಗೆ ನನ್ನ ಕೆಲಸ ಗೊತ್ತಿತ್ತು. ವಿಶ್ವವಿದ್ಯಾಲಯದ ನಿಯಮದ ಪ್ರಕಾರ ಜಾಹೀರಾತು ಹಾಕಲೇಬೇಕಿತ್ತು, ಮಾರ್ಚ್‌ನಲ್ಲಿ ಅದು ಇವೋಲ್‌ಡಿರ್‌ಗೂ ಬಂತು. ನಾನೂ ಎಲ್ಲರ ಹಾಗೆ ಅರ್ಜಿ ಹಾಕಿ ಸಂದರ್ಶನ ಕೊಟ್ಟೆ. 2025ರ ಮೇ ತಿಂಗಳಲ್ಲಿ ಸೇರಿದೆ. ಒಪ್ಪಂದ 20 ತಿಂಗಳದ್ದು, ಗ್ರಾಂಟ್ ಮುಗಿಯುವ ಡಿಸೆಂಬರ್‌ವರೆಗೆ. ಸಹಿ ಹಾಕುವ ಮುಂಚೆ ಗ್ರಾಂಟ್ ವಿಸ್ತರಣೆಗೆ ಕೇಳುವ ಯೋಚನೆ ಇದೆಯಾ ಎಂದು ಕೇಳಿದೆ. ಹೆಚ್ಚುವರಿ ಹಣ ಇಲ್ಲದೆ ಅವಧಿ ಮಾತ್ರ ಉದ್ದವಾದರೆ ಸಂಬಳಕ್ಕೆ ಏನು ಉಳಿದಿರುತ್ತದೆ ಎಂದೂ ಕೇಳಿದೆ. ಅವರು ಉಳಿಕೆಯ ಅಂದಾಜು ತೋರಿಸಿದರು. ಅದನ್ನು ನೋಡಿಯೇ ಸಹಿ ಹಾಕಿದ್ದು.